ಇಬ್ಬರು ಮಾಡಿದ ಕೆಲಸ, ಸ್ಲೈಡಿನಲ್ಲಿ ಒಬ್ಬನದೇ ಹೆಸರು: ಅಪ್ರೈಸಲ್‌ಗೆ ಮುಂಚೆ ಸರಿಪಡಿಸಿಕೊಳ್ಳೋದು ಹೇಗೆ?

ಮೂರನೇ_ಮಹಡಿ

ಕೆಲಸ ಬೆಳ್ಳಂದೂರಿನ ಕಡೆ, ಪೇಮೆಂಟ್ಸ್ ತಂಡ. ಬ್ಯಾಂಕಿನಿಂದ ಬರೋ ಸೆಟಲ್‌ಮೆಂಟ್ ಫೈಲನ್ನ ನಮ್ಮ ಆರ್ಡರುಗಳ ಜೊತೆ ತಾಳೆ ನೋಡೋ ರೀಕಾನ್ ಜಾಬ್ ಒಂದು ದಿನಾ ರಾತ್ರಿ ಓಡುತ್ತೆ. ಅದು 6 ಗಂಟೆ ಹಿಡೀತಿತ್ತು. ನಾನು ಮತ್ತೆ ನನ್ನದೇ ಲೆವೆಲ್ಲಿನ ಇನ್ನೊಬ್ಬ ಸೇರಿ 40 ನಿಮಿಷಕ್ಕೆ ಇಳಿಸಿದ್ವಿ. ಫೈಲ್ ಓದೋ ಭಾಗ, ತಾಳೆ ಹಾಕೋ ಭಾಗ ನನ್ನದು. ಷೆಡ್ಯೂಲರ್, ಅಲರ್ಟು, ಡ್ಯಾಶ್‌ಬೋರ್ಡು ಅವನದು. ಕೆಲವು ದಿನ ಅವನ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂತು ಬರೆದದ್ದೂ ಇದೆ.

ಪುಲ್ ರಿಕ್ವೆಸ್ಟ್ ತೆರೆದಿದ್ದು ಅವನು, ಸ್ಕ್ವಾಷ್ ಆಗಿ ಮರ್ಜ್ ಆಯ್ತು. ತಿಂಗಳ ರಿವ್ಯೂ ದಿನ ನಾನು ರಜೆ. ಅವನು ಒಬ್ಬನೇ ತೋರಿಸಿದ, ಸ್ಲೈಡಿನಲ್ಲಿ ಅವನ ಹೆಸರು ಮಾತ್ರ. ಮಂಗಳವಾರ ಡೈರೆಕ್ಟರ್ ಇಡೀ ವಿಭಾಗಕ್ಕೆ ಮೇಲ್ ಹಾಕಿ ಅವನೊಬ್ಬನನ್ನೇ ಅಭಿನಂದಿಸಿದ್ದಾರೆ. ಅವನು "ಥ್ಯಾಂಕ್ಸ್" ಅಂತ ಉತ್ತರ ಕೊಟ್ಟು ಸುಮ್ಮನಾದ. ಸೆಲ್ಫ್ ರಿವ್ಯೂ ಫಾರಂ ತುಂಬೋಕೆ ಇನ್ನು 9 ದಿನ ಇದೆ. ಜಗಳ ಬೇಡ, ದಿನಾ ಪಕ್ಕದ ಸೀಟಲ್ಲೇ ಕೂರೋನು. ಆದರೆ ಬಿಟ್ಟುಕೊಡೋಕೂ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಇದಕ್ಕೇನು ತಲೆ ಕೆಡಿಸಿಕೊಳ್ತೀರ ಗುರುಗಳೇ. ಗಿಟ್ ಇರೋದೇ ಇದಕ್ಕೆ. ರೆಪೊದಲ್ಲಿ ಇದನ್ನ ಓಡಿಸಿ:

```
git shortlog -sn main
```

ಯಾರದ್ದು ಎಷ್ಟು ಕಮಿಟ್ ಅಂತ ಪಟ್ಟಿ ಬರುತ್ತೆ. ಸ್ಕ್ರೀನ್‌ಶಾಟ್ ತೆಗೆದು ಡೈರೆಕ್ಟರ್ ಮೇಲ್‌ಗೇ ರಿಪ್ಲೈ ಆಲ್ ಹೊಡೀರಿ. ಇಡೀ ವಿಭಾಗದ ಮುಂದೆ ಹೋದ ಹೆಸರು ಇಡೀ ವಿಭಾಗದ ಮುಂದೇನೇ ವಾಪಸ್ ಬರಬೇಕು.

ಕಡಲೆಕಾಯಿ_ಪರಿಷೆ

ಹೆಸರು ಹೋದ ಜಾಗದಲ್ಲೇ ವಾಪಸ್ ಬರಬೇಕು ಅನ್ನೋದು ಸರಿ. ದಾರಿ ಮಾತ್ರ ಸರಿಯಿಲ್ಲ.

ಸ್ಕ್ವಾಷ್ ಮರ್ಜ್ ಅಂತ ಮೂರನೇ_ಮಹಡಿ ಮೊದಲೇ ಹೇಳಿದ್ದಾರೆ. ಹಾಗೆ ಮರ್ಜ್ ಆದಾಗ ಬ್ರ್ಯಾಂಚಿನ ಕಮಿಟ್‌ಗಳೆಲ್ಲ ಸೇರಿ ಮೇನ್‌ನಲ್ಲಿ ಒಂದೇ ಕಮಿಟ್ ಆಗುತ್ತೆ, ಅದರ ಆಥರ್ ಜಾಗದಲ್ಲಿ ಪುಲ್ ರಿಕ್ವೆಸ್ಟ್ ತೆರೆದವರ ಹೆಸರು ಕೂರುತ್ತೆ. ಅಂದರೆ ನೀವು ಕೊಟ್ಟ ಕಮಾಂಡ್ ಈ ಕೆಲಸವನ್ನ ಪೂರ್ತಿ ಆ ಸಹೋದ್ಯೋಗಿಯ ಲೆಕ್ಕಕ್ಕೇ ಹಾಕಿ ತೋರಿಸುತ್ತೆ. ಇವರು ಅದನ್ನ ರಿಪ್ಲೈ ಆಲ್ ಮಾಡಿದರೆ ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿದ ಹಾಗೆ.

ಗಿಟ್‌ಹಬ್ ಆದರೆ ಸ್ಕ್ವಾಷ್ ಮಾಡುವಾಗ ಉಳಿದವರ ಹೆಸರನ್ನ `Co-authored-by:` ಅಂತ ಕಮಿಟ್ ಮೆಸೇಜಿನ ಕೊನೆಗೆ ತಾನೇ ಸೇರಿಸುತ್ತೆ. ಆದರೆ ಮರ್ಜ್ ಬಟನ್ ಒತ್ತೋರು ಆ ಪೆಟ್ಟಿಗೆಯಲ್ಲಿರೋ ಉದ್ದ ಪಠ್ಯ ಅಳಿಸಿ ಒಂದು ಚೊಕ್ಕ ಸಾಲು ಬರೆದರೆ ಅದೂ ಹೋಗುತ್ತೆ. ಬಹುತೇಕ ಸಲ ಹೀಗೆ ಅಳಿಸೋದು ದುರುದ್ದೇಶದಿಂದಲ್ಲ, ಮೆಸೇಜ್ ಗಲೀಜಾಗಿ ಕಾಣುತ್ತೆ ಅಂತ. ಹಾಗಾಗಿ "ಅವನು ನನ್ನ ಹೆಸರು ತೆಗೆದ" ಅನ್ನೋ ತೀರ್ಮಾನಕ್ಕೆ ಈಗಲೇ ಬರಬೇಡಿ.

ಮೂಲ ಕಮಿಟ್‌ಗಳು ಎಲ್ಲೂ ಹೋಗಿಲ್ಲ. ಬ್ರ್ಯಾಂಚ್ ಡಿಲೀಟ್ ಆಗಿದ್ದರೂ ಪುಲ್ ರಿಕ್ವೆಸ್ಟ್ ಪುಟದ ಕಮಿಟ್ಸ್ ಟ್ಯಾಬಿನಲ್ಲಿ ಕಾಣುತ್ತವೆ. ನಿಮ್ಮ ಮೆಷಿನ್ನಿಗೆ ತರಿಸಿಕೊಂಡು ನೋಡಬಹುದು. ಪುಲ್ ರಿಕ್ವೆಸ್ಟ್ ನಂಬರ್ 418 ಅಂತಿಟ್ಟುಕೊಳ್ಳಿ:

```
git fetch origin pull/418/head:pr-418
git log --reverse --format='%h %an | %cn | %s' main..pr-418
```

ಮೊದಲ ಹೆಸರು ಬರೆದವರದ್ದು, ಎರಡನೆಯದು ಆ ಕಮಿಟ್ಟನ್ನ ಕೊನೆಗೆ ಕೂರಿಸಿದವರದ್ದು. ಹೆಸರು ಮರೆಮಾಡಿ ಇಲ್ಲಿ ಹಾಕಿ, ನೋಡೋಣ. ಯಾರಿಗೂ ಕಳಿಸೋಕಲ್ಲ ಇದು. ನಿಮಗೆ ನಿಜ ಏನು ಅಂತ ಗೊತ್ತಾಗೋಕೆ.

ಹನುಮಂತನಗರ_ಅಣ್ಣ

ಇಂಥ ಮ್ಯಾನೇಜರುಗಳು ಎಲ್ಲಾ ಕಡೆ ಇದಾರೆ. ನಮ್ಮಲ್ಲೂ ಒಬ್ಬರು, ತಂಡದವರ ಕೆಲಸ ಎಲ್ಲಾ ತಮ್ಮ ಹೆಸರಲ್ಲೇ ಮೇಲಕ್ಕೆ ಕಳಿಸ್ತಾರೆ. ಸ್ಕಿಪ್ ಲೆವೆಲ್ ಮೀಟಿಂಗ್‌ನಲ್ಲಿ ಎತ್ತಿ, ಬೇರೆ ದಾರಿನೇ ಇಲ್ಲ.

ಕಡಲೆಕಾಯಿ_ಪರಿಷೆ

ಅಣ್ಣ, ಇಲ್ಲಿರೋದು ಮ್ಯಾನೇಜರ್ ಅಲ್ಲ, ಸಮಾನ ಹುದ್ದೆಯವನು. ಮ್ಯಾನೇಜರ್ ತಂಡದ ಕೆಲಸವನ್ನ ಮೇಲೆ ಹೇಳೋದು ಅವರ ಕೆಲಸದ ಒಂದು ಭಾಗ, ಅಲ್ಲಿ ಪ್ರಶ್ನೆ "ಹೆಸರು ಹೇಳಿದ್ರಾ ಇಲ್ವಾ" ಅಂತ. ಸಮಾನರ ನಡುವೆ ಮ್ಯಾನೇಜರ್ ಇನ್ನೂ ಯಾರ ಪಕ್ಷವೂ ಅಲ್ಲ, ಮುಂದೆ ಬೇಕಾಗಬಹುದಾದ ಪಂಚಾಯ್ತಿಯವರು. ಅವರ ತಲೆ ಮೇಲೆ ಹಾರಿ ಸ್ಕಿಪ್ ಲೆವೆಲ್‌ಗೆ ಹೋದರೆ ಅವರನ್ನೂ ಎದುರು ಹಾಕಿಕೊಂಡ ಹಾಗಾಗುತ್ತೆ. ನಿಮ್ಮದಕ್ಕೆ ಬೇರೆ ಚರ್ಚೆ ತೆರೀರಿ, ಅಲ್ಲಿ ಮಾತಾಡೋಣ.

ಮೂರನೇ_ಮಹಡಿ

ತೆಗೆದೆ. A ನಾನು, B ಅವನು.

```
9c1e7d4 A | A | parse settlement file in chunks
5b20af8 A | A | load orders once, match in memory
e83d116 B | B | scheduler: move to 1:30 am
1f7a9b0 B | B | match: handle partial refunds
77c4e2d A | B | make rerun safe for same file
b06d3f5 B | B | alerts and dashboard
```

3-3 ಬಂತು. ಆದರೆ `1f7a9b0` ಇಬ್ಬರೂ ಕೂತು ಬರೆದದ್ದು, ಅವನ ಲ್ಯಾಪ್‌ಟಾಪ್ ಆದ್ದರಿಂದ ಅವನ ಹೆಸರಲ್ಲಿದೆ. ಅದನ್ನೂ ನನ್ನದು ಅಂತ ಸೇರಿಸಿಕೊಂಡರೆ 4-2. `77c4e2d`ರಲ್ಲಿ ಅವನ ಹೆಸರು ಯಾಕೆ ಬಂತು? ಅದು ಪೂರ್ತಿ ನಾನು ಬರೆದದ್ದು.

ಕಡಲೆಕಾಯಿ_ಪರಿಷೆ

`77c4e2d` ಬಗ್ಗೆ ಯೋಚನೆ ಬೇಡ. ಅವರು ರೀಬೇಸ್ ಮಾಡಿದ್ದಾರೆ ಅಥವಾ ಚೆರಿಪಿಕ್ ಮಾಡಿದ್ದಾರೆ, ಆಗ ಎರಡನೇ ಹೆಸರು ಬದಲಾಗುತ್ತೆ, ಬರೆದವರ ಹೆಸರು ಹಾಗೇ ಉಳಿಯುತ್ತೆ. ಕದಿಯೋ ಉದ್ದೇಶ ಇದ್ದಿದ್ದರೆ ಮೊದಲನೇ ಹೆಸರನ್ನೇ ಬದಲಾಯಿಸಬಹುದಿತ್ತು, ಒಂದು ಆಪ್ಷನ್ನಿನ ಕೆಲಸ. ಮಾಡಿಲ್ಲ. ಈ ಸಂಗತಿಯನ್ನ ಮನಸ್ಸಲ್ಲಿಟ್ಟುಕೊಂಡು ಮಾತಿಗೆ ಹೋಗಿ, ನಿಮ್ಮ ದನಿಯೇ ಬೇರೆ ಆಗುತ್ತೆ.

4-2 ಅನ್ನೋ ಲೆಕ್ಕ ಇಲ್ಲಿಗೇ ಬಿಡಿ. ಒಬ್ಬರು ಒಂದೇ ಕಮಿಟ್‌ನಲ್ಲಿ 800 ಸಾಲು ಹಾಕ್ತಾರೆ, ಇನ್ನೊಬ್ಬರು ಅಲ್ಪವಿರಾಮಕ್ಕೊಂದು ಕಮಿಟ್ ಮಾಡ್ತಾರೆ. ಎಣಿಕೆ ಹಿಡಿದು ಹೋದರೆ ಎದುರಿನವನೂ ಎಣಿಸೋಕೆ ಶುರು ಮಾಡ್ತಾನೆ, ನೋಡುವ ಮ್ಯಾನೇಜರಿಗೆ ಇಬ್ಬರೂ ಸಣ್ಣವರಾಗಿ ಕಾಣ್ತಾರೆ. ನಿಮಗೆ ಬೇಕಾದ ಪ್ರಶ್ನೆ ಒಂದೇ: 6 ಗಂಟೆ ಇದ್ದದ್ದು 40 ನಿಮಿಷಕ್ಕೆ ಇಳಿದದ್ದು ಯಾವುದರಿಂದ? `5b20af8`ರಿಂದ. ಮೊದಲು ಫೈಲಿನ ಪ್ರತಿ ಸಾಲಿಗೂ ಡೇಟಾಬೇಸಿಗೆ ಒಂದೊಂದು ಸಲ ಹೋಗಿ ಬರ್ತಿತ್ತು ಅಂತ ಕಾಣುತ್ತೆ, ನೀವು ಆರ್ಡರುಗಳನ್ನ ಒಂದೇ ಸಲ ತಂದು ಮೆಮೊರಿಯಲ್ಲೇ ತಾಳೆ ಹಾಕಿದ್ದೀರಿ. ಸರಿ ತಾನೆ? ಹಾಗಿದ್ದರೆ ನಿಮ್ಮ ಹಕ್ಕು ಆ ವಾಕ್ಯದಲ್ಲಿದೆ, ಅಂಕಿಯಲ್ಲಿಲ್ಲ.

ಇನ್ನು `1f7a9b0`. ಪಾರ್ಷಿಯಲ್ ರಿಫಂಡ್ ಬಂದಾಗ ತಾಳೆ ತಪ್ಪುತ್ತೆ ಅಂತ ಮೊದಲು ಹೇಳಿದ್ದು ಯಾರು?

ಮೂರನೇ_ಮಹಡಿ

ಹೌದು, ಸಾಲಿಗೊಂದು ಕ್ವೆರಿ ಇತ್ತು. ರಿಫಂಡ್ ವಿಷಯ ಹೊಳೆದದ್ದು ಅವನಿಗೆ. ಡಿಸೈನ್ ಡಾಕ್‌ನಲ್ಲಿ ಅವನ ಕಾಮೆಂಟೇ ಇದೆ.

ಕಡಲೆಕಾಯಿ_ಪರಿಷೆ

ಹಾಗಾದರೆ ಅದು "ಇಬ್ಬರದು, ಹೊಳೆದದ್ದು ಅವನಿಗೆ". ನೀವೇ ಮೊದಲು ಹಾಗೆ ಹೇಳಿಬಿಡಿ. ಇಂಥ ಮಾತುಕತೆ ಕೆಡೋದು ಹೆಚ್ಚಾಗಿ ಇಲ್ಲೇ. ನ್ಯಾಯ ಕೇಳೋಕೆ ಹೋದವರು ಒಂದಿಷ್ಟು ಹೆಚ್ಚಿಗೆ ಕೇಳಿಬಿಡ್ತಾರೆ, ಎದುರಿನವನು ಆ ಹೆಚ್ಚಿನ ಒಂದು ಚೂರನ್ನೇ ಹಿಡಿದು "ನೋಡಿ, ಇವನೂ ನನ್ನದನ್ನ ತನ್ನದು ಅಂತಿದಾನೆ" ಅಂತಾನೆ, ಅಲ್ಲಿಗೆ ಇಬ್ಬರೂ ಸಮ.

ಈಗ ಒಂದು ಪುಟ ಬರೀರಿ, ನಿಮಗೋಸ್ಕರ. ಭಾಗದ ಹೆಸರು, ಯಾರು ಮಾಡಿದ್ದು, ಎಲ್ಲಿ ಕಾಣುತ್ತೆ, ಇಷ್ಟೇ. ಡಿಸೈನ್ ಡಾಕ್ ಗೂಗಲ್ ಡಾಕ್ಸಿನಲ್ಲಿದ್ದರೆ ವರ್ಷನ್ ಹಿಸ್ಟರಿ ತೆರೆದು ತಾಳೆ ಹಾಕೋ ವಿಧಾನದ ಭಾಗ ಯಾವತ್ತು ಯಾರು ಸೇರಿಸಿದ್ದು ಅಂತ ನೋಡಿ, ದಿನಾಂಕ ಬರೆದಿಟ್ಟುಕೊಳ್ಳಿ. ಅವನು ಮಾಡಿದ ಭಾಗಗಳೂ ಆ ಪುಟದಲ್ಲಿ ಪೂರ್ತಿ ಇರಲಿ.

ತಿಂಡಿ_ಬೀದಿ

ಒಂದು ಎಚ್ಚರಿಕೆ ಸೇರಿಸ್ತೀನಿ, ಎಚ್.ಆರ್. ಕಡೆಯಿಂದ. ಆ ಪುಟ, ಸ್ಕ್ರೀನ್‌ಶಾಟು, ಮೇಲು ಯಾವುದನ್ನೂ ಸ್ವಂತ ಜಿಮೇಲಿಗೆ ಕಳಿಸಿಕೊಳ್ಳಬೇಡಿ, ಫೋನಲ್ಲಿ ಪರದೆಯ ಫೋಟೊನೂ ತೆಗೀಬೇಡಿ. ಪೇಮೆಂಟ್ಸ್ ತಂಡ ಅಂತೀರಿ, ಸೆಟಲ್‌ಮೆಂಟ್ ಡೇಟಾ ಒಂದು ಸಾಲು ಹೊರಗೆ ಹೋದರೂ ಕಥೆ ತಿರುಗುತ್ತೆ: ಹೆಸರಿನ ವಿಷಯ ಪಕ್ಕಕ್ಕೆ ಹೋಗಿ, ಮಾಹಿತಿ ಹೊರಗೆ ಕಳಿಸಿದ ಇಂಜಿನಿಯರ್ ಬಗ್ಗೆ ವಿಚಾರಣೆ ಶುರುವಾಗುತ್ತೆ. ಲಿಂಕು ಮತ್ತು ದಿನಾಂಕ ಸಾಕು, ಕಂಪನಿಯ ಡ್ರೈವಿನಲ್ಲೇ ಇಡಿ.

ಎಚ್.ಆರ್.ಗೆ ಮೊದಲೇ ಬರೋದೂ ಬೇಡ. ಇದರಲ್ಲಿ ಬೆದರಿಕೆ, ಕಿರುಕುಳ ಏನೂ ಇಲ್ಲ. ನಾವು ಮಾಡೋದು "ನಿಮ್ಮ ಮ್ಯಾನೇಜರ್ ಜೊತೆ ಮಾತಾಡಿದ್ರಾ?" ಅಂತ ಕೇಳಿ ವಾಪಸ್ ಕಳಿಸೋದೇ.

ಕಾನೂನು_ಕಟ್ಟೆ

ಎಲ್ಲರೂ ಮೃದುವಾಗಿ ಹೇಳ್ತಿದ್ದೀರಿ. ಕಂಪ್ಯೂಟರ್ ಪ್ರೋಗ್ರಾಂ ಕೃತಿಸ್ವಾಮ್ಯದ ವ್ಯಾಪ್ತಿಗೆ ಬರುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಕೃತಿ ತನ್ನದು ಅಂತ ಹೇಳಿಕೊಳ್ಳೋ ಹಕ್ಕು ಬರೆದವನಿಗಿದೆ, ಮಾಲೀಕತ್ವ ಬೇರೆಯವರದಾಗಿದ್ದರೂ. ಒಂದು ನೋಟಿಸ್ ಕೊಟ್ಟರೆ ಎಲ್ಲರೂ ದಾರಿಗೆ ಬರ್ತಾರೆ.

ತಿಂಡಿ_ಬೀದಿ

ಸೆಕ್ಷನ್ ಸರಿ ಹೇಳಿದ್ದೀರಿ ಸರ್. ಆದರೆ 17ನೇ ಸೆಕ್ಷನ್ನೂ ಓದಿ, ನೌಕರಿಯ ಭಾಗವಾಗಿ ಬರೆದದ್ದಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಮಾಲೀಕ ಉದ್ಯೋಗದಾತನೇ. ಇಲ್ಲಿ ಯಾರೂ ಕೋಡ್ ಮೇಲೆ ಹಕ್ಕು ಸಾಧಿಸ್ತಾ ಇಲ್ಲ, ಒಂದು ಸ್ಲೈಡು, ಒಂದು ಮೇಲು ಸರಿಯಾಗಬೇಕು ಅಷ್ಟೇ. ಅದಕ್ಕೆ ನೋಟಿಸ್ ಕೊಟ್ಟ ದಿನದಿಂದ ಇವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡೋರು ಆ ಮಹಡಿಯಲ್ಲಿ ಒಬ್ಬರೂ ಸಿಗಲ್ಲ.

ಮೂರನೇ_ಮಹಡಿ

ಪುಟ ಬರೆದಿಟ್ಟೆ. ಈಗ ಅವನ ಜೊತೆ ಮಾತು ಹೇಗೆ ತೆಗೆಯಲಿ? ಚಾಟ್‌ನಲ್ಲಿ ಬರೆದರೆ ದಾಖಲೆ ಇರುತ್ತೆ ಅಂತ ಅನ್ನಿಸ್ತಿದೆ.

ಕಡಲೆಕಾಯಿ_ಪರಿಷೆ

ಚಾಟ್‌ನಲ್ಲಿ ಸಮಯ ಮಾತ್ರ ಕೇಳಿ: "ನಾಳೆ ಊಟ ಆದ್ಮೇಲೆ 15 ನಿಮಿಷ ಬೇಕಿತ್ತು, ರಿವ್ಯೂ ವಿಷಯ." ವಿಷಯ ಏನು ಅಂತ ಮುಚ್ಚಿಡಬೇಡಿ, ಸಿದ್ಧವಾಗದೆ ಬಂದವರು ಮೊದಲು ತಮ್ಮನ್ನ ಕಾಪಾಡಿಕೊಳ್ಳೋಕೆ ನೋಡ್ತಾರೆ. ಮಾತು ಮುಖಾಮುಖಿ ಆಗಲಿ. ಸೀಟಿನ ಹತ್ತಿರ ಬೇಡ, ಕ್ಯಾಂಟೀನಿನಲ್ಲಿ ತಂಡದವರ ಪಕ್ಕದ ಟೇಬಲ್ಲೂ ಬೇಡ. ಕೆಳಗಿಳಿದು ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತರೆ ಸಾಕು, ನಿಂತು ಆಡೋ ಮಾತು ಉದ್ದ ಆಗಲ್ಲ.

ಶುರು ಮಾಡೋ ಮಾತು ಮೂರು ವಾಕ್ಯ. ನಡೆದದ್ದು, ಅದರಿಂದ ಆದದ್ದು, ಬೇಕಾದದ್ದು. ಹೀಗೆ:

"ರಿವ್ಯೂನಲ್ಲಿ ರೀಕಾನ್ ಕೆಲಸ ನಿನ್ನ ಒಬ್ಬನ ಹೆಸರಲ್ಲಿ ಹೋಗಿದೆ, ಡೈರೆಕ್ಟರ್ ಮೇಲೂ ಹಾಗೇ ಬಂದಿದೆ. ತಾಳೆ ಹಾಕೋ ಭಾಗ ನಾನು ಮಾಡಿದ್ದು ಅಂತ ನಿಂಗೂ ಗೊತ್ತು, ಈಗ ಫಾರಂನಲ್ಲಿ ನಾನು ಬರೆದರೆ ನಂಬೋರಿಲ್ಲ. ಆ ಮೇಲ್‌ಗೆ ನೀನೇ ಎರಡು ಸಾಲು ರಿಪ್ಲೈ ಹಾಕಿ ನನ್ನ ಭಾಗ ಹೇಳ್ಬೇಕು, ಸ್ಲೈಡಲ್ಲಿ ಎರಡೂ ಹೆಸರು ಬರ್ಬೇಕು, ಶುಕ್ರವಾರದೊಳಗೆ."

ಹೇಳಿ ಸುಮ್ಮನಾಗಿ. ಆ ಮೌನವನ್ನ ತುಂಬೋಕೆ ಹೋಗಿ "ತಪ್ಪು ತಿಳ್ಕೋಬೇಡ, ದೊಡ್ಡ ವಿಷಯ ಏನಲ್ಲ" ಅಂದುಬಿಟ್ಟರೆ ಕೇಳಿದ್ದನ್ನ ನೀವೇ ವಾಪಸ್ ತಗೊಂಡ ಹಾಗೆ. "ಯಾಕೆ ಹೀಗ್ ಮಾಡ್ದೆ?" ಅಂತಲೂ ಕೇಳಬೇಡಿ. ಯಾಕೆ ಅಂದ ತಕ್ಷಣ ಅವನು ಕಾರಣ ಹುಡುಕಿ ಹೇಳ್ತಾನೆ, ನೀವು ಆ ಕಾರಣದ ಜೊತೆ ವಾದಕ್ಕಿಳೀತೀರಿ, ಬೇಕಾದದ್ದು ಮರೆತೇ ಹೋಗುತ್ತೆ. "ಕ್ರೆಡಿಟ್ ಹೊಡ್ಕೊಂಡೆ" ಅನ್ನೋ ಪದವಂತೂ ಬಾಯಿಗೆ ಬರಬಾರದು.

ರಿಪ್ಲೈ ಯಾಕೆ ಅವನೇ ಹಾಕಬೇಕು ಅಂದರೆ, ಅದೇ ಎರಡು ಸಾಲು ನಿಮ್ಮಿಂದ ಬಂದರೆ ದೂರಿನ ಥರ ಕಾಣುತ್ತೆ, ಅವನಿಂದ ಬಂದರೆ ಅವನ ದೊಡ್ಡತನದ ಥರ ಕಾಣುತ್ತೆ. ಅವನಿಗೂ ಮರ್ಯಾದೆಯಿಂದ ಹೊರಗೆ ಬರೋಕೆ ಒಂದು ಬಾಗಿಲು ಇರಬೇಕಲ್ಲ.

ಪಾನಿಪುರಿ_ಕಾರ್ನರ್

ಹೇಳೋಕೆ ಚೆನ್ನಾಗಿದೆ. ನಮ್ಮವರು ಹೀಗೆ ನೇರ ಉತ್ತರ ಕೊಡ್ತಾರಾ? "ಅಯ್ಯೋ ಬಿಡು ಮಗಾ, ನಾವಿಬ್ರೂ ಒಂದೇ ಅಲ್ವಾ" ಅಂತ ಹೆಗಲ ಮೇಲೆ ಕೈ ಹಾಕ್ತಾರೆ. ಅಲ್ಲಿಗೆ ಕಾಫಿ ಮುಗೀತು, ವಿಷಯನೂ ಮುಗೀತು.

ಕಡಲೆಕಾಯಿ_ಪರಿಷೆ

ಅದೇ ಬರುತ್ತೆ, ನೂರಕ್ಕೆ ನೂರು. ಇಲ್ಲಿನ ಜಗಳಗಳು ಬೈಗುಳದಿಂದ ಹಾಳಾಗೋದಕ್ಕಿಂತ ಸಲಿಗೆಯಿಂದ ಹಾಳಾಗೋದು ಹೆಚ್ಚು. ಸಲಿಗೆಯನ್ನ ತಳ್ಳಬೇಡಿ, ಅದರ ಮೇಲೇ ಕೆಲಸ ಕೇಳಿ: "ಒಂದೇ ಅಲ್ವಾ, ಅದಕ್ಕೇ ಎರಡೂ ಹೆಸರು ಹಾಕೋದು ಕಷ್ಟ ಆಗಲ್ಲ. ಯಾವಾಗ ಹಾಕ್ತೀಯ?" ಕೊನೆಯಲ್ಲಿ ಯಾವಾಗಲೂ ದಿನ ಕೇಳಿ. "ನೋಡೋಣ" ಅನ್ನೋದು ದಿನ ಅಲ್ಲ.

"ನೀನು ರಜೆ ಇದ್ದೆ, ನಾನೇ ತೋರಿಸ್ಬೇಕಾಯ್ತು" ಅಂತಾನೆ. ಒಪ್ಪಿಕೊಳ್ಳಿ. ತೋರಿಸಿದ್ದರ ಬಗ್ಗೆ ನಿಮ್ಮ ತಕರಾರು ಇಲ್ಲ, ಹೆಸರಿನ ಬಗ್ಗೆ ಮಾತ್ರ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಒಂದು ಬರಬಹುದು: "ಪ್ರೊಡಕ್ಷನ್‌ಗೆ ತಂದಿದ್ದು ನಾನು, ಮೊದಲ ವಾರ ರಾತ್ರಿ ಒಂದೂವರೆಗೆ ಎದ್ದು ನೋಡ್ಕೊಂಡಿದ್ದು ನಾನು." ಇದು ತಪ್ಪಿಸಿಕೊಳ್ಳೋ ಮಾತಲ್ಲ, ನಿಜವಾದ ಹಕ್ಕು. ತಾಳೆ ಹಾಕೋ ಕೋಡ್ ಎಷ್ಟೇ ವೇಗವಾಗಿದ್ದರೂ ಅದನ್ನ ರಾತ್ರಿ ನಂಬಿ ಬಿಡೋ ಹಾಗೆ ಮಾಡಿದ್ದು ಅಲರ್ಟುಗಳು. "ಹೌದು, ಅದು ನಿಂದೇ, ಆ ಎರಡು ಸಾಲಲ್ಲಿ ಅದೂ ಇರ್ಲಿ" ಅನ್ನಿ. ಹೆಚ್ಚಿನವರು ಮೆತ್ತಗಾಗೋದು ಅಲ್ಲೇ. ತನ್ನದು ಹೋಗುತ್ತೆ ಅನ್ನೋ ಭಯ ಇರೋತನಕ ನಿಮ್ಮದನ್ನ ಬಿಟ್ಟುಕೊಡಲ್ಲ.

ಮಾತು ಮುಗಿದ ಮೇಲೆ ಅದೇ ದಿನ ಚಾಟ್‌ನಲ್ಲಿ ಎರಡು ಸಾಲು: "ಈಗ ಮಾತಾಡಿದ್ದಕ್ಕೆ ಥ್ಯಾಂಕ್ಸ್. ಶುಕ್ರವಾರದೊಳಗೆ ನೀನು ಮೇಲ್‌ಗೆ ರಿಪ್ಲೈ ಹಾಕ್ತೀಯ, ಸ್ಲೈಡ್ ನಾನು ಬದಲಾಯಿಸಿ ನಿಂಗೆ ತೋರಿಸ್ತೀನಿ." ನಿಮಗೆ ಬೇಕಿದ್ದ ದಾಖಲೆ ಇದು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಹಾಗಾದ್ರೆ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಇನ್ನೂ ಗಟ್ಟಿ ಅಲ್ವಾ? ಮತ್ತೆ ಮೇನ್‌ನಲ್ಲೇ ಕಮಿಟ್ ಹೆಸರು ತಿದ್ದಿ ಫೋರ್ಸ್ ಪುಷ್ ಮಾಡಿದ್ರೆ ಮೂಲದಲ್ಲೇ ಸರಿಹೋಗುತ್ತೆ.

ಕಡಲೆಕಾಯಿ_ಪರಿಷೆ

ರೆಕಾರ್ಡಿಂಗ್ ಬೇಡ. ಅದನ್ನ ಯಾರಿಗೆ ಕೇಳಿಸ್ತೀರಿ? ಕೇಳಿಸಿದ ಗಳಿಗೆಯಲ್ಲಿ ನೀವು ಕದ್ದು ರೆಕಾರ್ಡ್ ಮಾಡೋ ಮನುಷ್ಯ ಅಂತಾಗುತ್ತೆ.

ಮೇನ್‌ನಲ್ಲಿ ತಿದ್ದಿದರೆ ಆ ಕಮಿಟ್ಟಿನದ್ದೂ ಅದರ ನಂತರದ ಎಲ್ಲ ಕಮಿಟ್‌ಗಳದ್ದೂ ಹ್ಯಾಷ್ ಬದಲಾಗುತ್ತೆ. ತಂಡದವರೆಲ್ಲರ ಕಾಪಿ ದಾರಿ ತಪ್ಪುತ್ತೆ, ರಿಲೀಸ್ ಟ್ಯಾಗ್‌ಗಳು ಹಳೇ ಕಮಿಟ್ ಮೇಲೇ ನಿಂತಿರುತ್ತವೆ. ಬಹುತೇಕ ಕಡೆ ಮೇನ್‌ಗೆ ಫೋರ್ಸ್ ಪುಷ್ ಬಿಡೋದೂ ಇಲ್ಲ. ಆದ ಕಮಿಟ್ ಇರಲಿ. ಪುಲ್ ರಿಕ್ವೆಸ್ಟಿನ ವಿವರಣೆ ಮರ್ಜ್ ಆದ ಮೇಲೂ ಎಡಿಟ್ ಆಗುತ್ತೆ, ಅಲ್ಲಿ ಯಾರು ಯಾವ ಭಾಗ ಅಂತ ಒಂದು ಸಾಲು ಸೇರಿಸಿ, ಡಿಸೈನ್ ಡಾಕ್‌ನ ಮೇಲ್ಭಾಗದಲ್ಲಿ ಇಬ್ಬರ ಹೆಸರು ಹಾಕಿ. ಮುಂದಿನ ಸಲದಿಂದ ಒಟ್ಟಿಗೆ ಕೂತು ಬರೆದ ಕಮಿಟ್‌ಗೆ ಕೊನೆಯಲ್ಲಿ ಒಂದು ಖಾಲಿ ಸಾಲು ಬಿಟ್ಟು ಇದನ್ನ ಹಾಕಿ, ಇಮೇಲ್ ನಿಮ್ಮ ಅಕೌಂಟಿಗೆ ಜೋಡಿಸಿದ್ದೇ ಆಗಿರಲಿ, ಇಲ್ಲದಿದ್ದರೆ ನಿಮ್ಮ ಪ್ರೊಫೈಲಿಗೆ ಸೇರಲ್ಲ:

```
Co-authored-by: Name <name@example.com>
```

ಬಣ್ಣದ_ಡಬ್ಬಿ

ನಾನು ಜಾಹೀರಾತು ಏಜೆನ್ಸಿಯಲ್ಲಿ ಡಿಸೈನರ್. ನಮ್ಮಲ್ಲಿ ಗಿಟ್ಟೂ ಇಲ್ಲ ಗಟ್ಟೂ ಇಲ್ಲ. ಫೈಲು "ಫೈನಲ್_ಫೈನಲ್_2" ಅಂತ ಪೆನ್‌ಡ್ರೈವಲ್ಲಿ ಓಡಾಡುತ್ತೆ. ಕಾನ್ಸೆಪ್ಟ್ ನಂದು, ಪ್ರೆಸೆಂಟ್ ಮಾಡೋದು ಪಕ್ಕದವನು. ನಾನೇನು ತೋರಿಸಲಿ?

ತಿಂಡಿ_ಬೀದಿ

ಮೇಡಂ, ಆದ ಕೆಲಸಕ್ಕೆ ನೀವು ಕಳಿಸಿದ ಮೇಲ್‌ನ ಅಟ್ಯಾಚ್‌ಮೆಂಟುಗಳನ್ನ ಹುಡುಕಿ, ತಾರೀಖು ಅದರಲ್ಲೇ ಇರುತ್ತೆ. ಫೈಲಿನ ಒಳಗಿನ ತಾರೀಖನ್ನ ನೆಚ್ಚಿಕೊಳ್ಳಬೇಡಿ, ಕಾಪಿ ಮಾಡಿದಾಗ, ಮತ್ತೆ ಸೇವ್ ಮಾಡಿದಾಗ ಬದಲಾಗುತ್ತೆ. ಮುಂದಕ್ಕೆ, ಕಾನ್ಸೆಪ್ಟ್ ಒಂದು ಹಂತಕ್ಕೆ ಬಂದ ದಿನವೇ "ಇವತ್ತಿನ ಮೂರು ಸ್ಕೆಚ್, ಎರಡನೆಯದನ್ನ ಮುಂದುವರಿಸ್ತೀನಿ" ಅಂತ ಪಕ್ಕದವನಿಗೂ, ಲೀಡ್‌ಗೂ ಮೇಲ್ ಹಾಕಿ. ಕೆಲಸದ ಮೇಲ್ ಥರಾನೇ ಇರಲಿ, ಸಾಕ್ಷಿಗೆ ಹಾಕಿದ ಹಾಗೆ ಕಾಣಬಾರದು. ನಿಮ್ಮ ಕೆಲಸದಲ್ಲಿ ಐಡಿಯಾ ಯಾರದ್ದು ಅನ್ನೋದು ಕೋಡಿಗಿಂತ ಗೋಜಲು, ಪೂರ್ತಿ ಪರಿಹಾರ ನನ್ನ ಹತ್ತಿರವೂ ಇಲ್ಲ.

ಪಾನಿಪುರಿ_ಕಾರ್ನರ್

ಮೂಲ ವಿಷಯಕ್ಕೆ ಬರ್ತೀನಿ. 9 ದಿನದಲ್ಲಿ ಅವನ ಹಿಂದೆ ಓಡಾಡ್ತಾ ಕೂತರೆ ಫಾರಂ ದಿನ ಬಂದೇ ಬಿಡುತ್ತೆ. ಮ್ಯಾನೇಜರುಗಳು ಸೇರಿ ರೇಟಿಂಗ್ ಹೊಂದಿಸೋ ಮೀಟಿಂಗ್ ಆದ ಮೇಲೆ ಯಾರು ಏನು ಮಾಡಿದ್ದು ಅಂತ ಕೇಳೋರು ಯಾರೂ ಇರಲ್ಲ. ನನ್ನ ಪ್ರಕಾರ ಮೊದಲು ಮ್ಯಾನೇಜರ್ ಕಿವಿಗೆ ಹಾಕಿ, ಆಮೇಲೆ ಅವನ ಹತ್ತಿರ ಮಾತಾಡಿ.

ಕಡಲೆಕಾಯಿ_ಪರಿಷೆ

ಸಮಯದ ಬಗ್ಗೆ ನೀವು ಹೇಳೋದು ಸರಿ. ಕ್ರಮದ ಬಗ್ಗೆ ಒಪ್ಪಲ್ಲ. ಮ್ಯಾನೇಜರ್ ಮೊದಲು ಕೇಳೋದೇ "ಅವನನ್ನ ಕೇಳಿದ್ಯಾ?" ಅಂತ. ಇಲ್ಲ ಅಂದರೆ ಬೆನ್ನ ಹಿಂದೆ ದೂರು ಹೇಳಿದ ಹಾಗೆ. ಕೇಳಿದೆ, ಒಪ್ಪಿದ, ಮಾಡಲಿಲ್ಲ ಅಂದರೆ ಮಾತಿಗೆ ತೂಕ ಬರುತ್ತೆ.

ಪಾನಿಪುರಿ_ಕಾರ್ನರ್

ಎಲ್ಲಾ ಮ್ಯಾನೇಜರೂ ಹಾಗಿರಲ್ಲ. ಕೆಲವರು "ಇಷ್ಟು ದಿನ ಯಾಕೆ ಹೇಳ್ಲಿಲ್ಲ, ನೋಟ್ಸ್ ಬರೆದಾಯ್ತು" ಅಂತಾರೆ. ನಾನು ನನ್ನ ಮಾತಿಗೇ ನಿಲ್ತೀನಿ.

ತಿಂಡಿ_ಬೀದಿ

ಎರಡರ ನಡುವೆ ಒಂದು ದಾರಿ ಇದೆ. ಮ್ಯಾನೇಜರ್ ಜೊತೆ ನಾಲ್ಕನೇ ದಿನಕ್ಕೆ ಅರ್ಧ ಗಂಟೆ ಇವತ್ತೇ ಬುಕ್ ಮಾಡಿ, ವಿಷಯ "ಸೆಲ್ಫ್ ರಿವ್ಯೂ ತಯಾರಿ". ಅದರೊಳಗೆ ಸಹೋದ್ಯೋಗಿ ಜೊತೆ ಮಾತು ಮುಗಿಸಿ. ಸರಿಹೋದರೆ ಆ ಅರ್ಧ ಗಂಟೆ ಬೇರೆ ವಿಷಯಕ್ಕೆ ಆಗುತ್ತೆ. ಹೋಗದಿದ್ದರೆ ಅಲ್ಲಿ ಹೇಳೋದು ಹೀಗಿರಲಿ: "ರೀಕಾನ್ ಕೆಲಸ ಇಬ್ಬರು ಮಾಡಿದ್ದು. ತಾಳೆ ಹಾಕೋ ಭಾಗ ನನ್ನದು, ಅಲರ್ಟು ಮತ್ತು ಪ್ರೊಡಕ್ಷನ್ ಅವನದು. ರಿವ್ಯೂನಲ್ಲಿ ಒಂದು ಹೆಸರು ಹೋಗಿದೆ, ಅವನ ಹತ್ತಿರ ಮಾತಾಡಿದ್ದೀನಿ. ರೇಟಿಂಗ್ ಮಾತಿಗೆ ಮುಂಚೆ ನಿಮ್ಮ ನೋಟ್ಸ್‌ನಲ್ಲಿ ಎರಡೂ ಇರಲಿ." ಅವನ ಗುಣದ ಬಗ್ಗೆ ಒಂದು ಶಬ್ದವೂ ಬೇಡ. ಪುಟ ಕೇಳಿದರೆ ಮಾತ್ರ ಕೊಡಿ.

ಫಾರಂ ತುಂಬುವಾಗಲೂ ಇದೇ. ಮ್ಯಾನೇಜರ್ ಎರಡೂ ಫಾರಂ ಅಕ್ಕಪಕ್ಕ ಇಟ್ಟು ಓದ್ತಾರೆ. ಇಬ್ಬರೂ "6 ಗಂಟೆಯಿಂದ 40 ನಿಮಿಷಕ್ಕೆ ಇಳಿಸಿದೆ" ಅಂತ ಬರೆದಿದ್ದರೆ ಇಬ್ಬರ ಮಾತನ್ನೂ ಅರ್ಧ ಮಾಡಿ ನಂಬ್ತಾರೆ. ನೀವು "ಸಾಲಿಗೊಂದು ಕ್ವೆರಿ ತೆಗೆದು ಆರ್ಡರುಗಳನ್ನ ಒಂದೇ ಸಲ ತಂದು ತಾಳೆ ಹಾಕೋ ಹಾಗೆ ಬರೆದೆ, ಅದೇ ಫೈಲ್ ಮತ್ತೆ ಓಡಿಸಿದರೂ ಎರಡು ಸಲ ಲೆಕ್ಕ ಆಗದ ಹಾಗೆ ಮಾಡಿದೆ, ಅಲರ್ಟು ಮತ್ತು ಪ್ರೊಡಕ್ಷನ್ ಇಂಥವರದು" ಅಂತ ಅವನ ಹೆಸರು ಹಾಕಿ ಬರೆದರೆ, ವಿವರ ಗೊತ್ತಿರೋರು ಯಾರು ಅಂತ ಓದೋರಿಗೆ ತಾನೇ ತಿಳಿಯುತ್ತೆ.

ಮೂರನೇ_ಮಹಡಿ

ಇವತ್ತು ಮಾತಾಡಿದೆ. ಮೊದಲು "ಬಿಡು ಗುರು" ಬಂತು, ಆಮೇಲೆ ರಾತ್ರಿ ಎದ್ದಿದ್ದು ಬಂತು, ಎರಡೂ ನೀವು ಹೇಳಿದ ಹಾಗೇ. ಅಲರ್ಟು ನಿಂದೇ ಅಂದಾಗ ಸ್ವಲ್ಪ ಇಳಿದ. ಸ್ಲೈಡು, ಡಾಕ್ ಎರಡಕ್ಕೂ ಒಪ್ಪಿ, ಸ್ಲೈಡನ್ನ ಅಲ್ಲೇ ಫೋನಲ್ಲೇ ತಿದ್ದಿದ. ಆದರೆ ಮೇಲ್‌ಗೆ ರಿಪ್ಲೈ ಮಾತ್ರ "ಹಳೇದಾಯ್ತು, ಈಗ ಮತ್ತೆ ಎತ್ತಿದ್ರೆ ವಿಚಿತ್ರವಾಗಿರುತ್ತೆ" ಅಂತಿದಾನೆ. ಚಾಟ್‌ನಲ್ಲಿ ಎರಡು ಸಾಲು ಹಾಕಿದ್ದೀನಿ, ಅದಕ್ಕೆ ಬರೀ ಥಂಬ್ಸ್ ಅಪ್ ಬಂದಿದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಥಂಬ್ಸ್ ಅಪ್ ಅಂದ್ರೆ ಒಪ್ಪಿದಾನೆ ಅಂತಲೇ. ಮುಗೀತು ಬಿಡಿ.

ಕಡಲೆಕಾಯಿ_ಪರಿಷೆ

ಸ್ಲೈಡಿಗೆ ಒಪ್ಪಿದಾನೆ, ಮೇಲ್‌ಗೆ ಇಲ್ಲ. ಆದರೆ ಆ ಮೇಲ್ ಬಗ್ಗೆ ಅವನ ಮಾತಲ್ಲಿ ಸ್ವಲ್ಪ ಅರ್ಥ ಇದೆ. ಅಭಿನಂದನೆಗೆ ಥ್ಯಾಂಕ್ಸ್ ಹೇಳಿ ಆದ ಮೇಲೆ ಮತ್ತೆ ಬಂದು ಇನ್ನೊಬ್ಬರ ಹೆಸರು ಹೇಳೋದು ಮುಜುಗರವೇ. ಮುಜುಗರ ಇಲ್ಲದ ನೆಪ ಹುಡುಕಿ ಕೊಡಿ. ಆ ಮೇಲ್ ಎಳೆಯಲ್ಲೇ ನೀವು ಕೆಲಸದ ಮಾತು ಹಾಕಬಹುದು, ಇಂಗ್ಲಿಷಿನಲ್ಲಿ ಬರೆಯೋ ಅದರ ಹೂರಣ ಇಷ್ಟು: "ಬೇರೆ ತಂಡಗಳಿಗೂ ಉಪಯೋಗ ಆಗಬಹುದು ಅಂತ ಡಿಸೈನ್ ಡಾಕ್ ಲಿಂಕ್ ಹಾಕ್ತಿದ್ದೀವಿ. ತಾಳೆ ಹಾಕೋ ಭಾಗದ ಬಗ್ಗೆ ನನ್ನನ್ನ ಕೇಳಿ, ಷೆಡ್ಯೂಲಿಂಗ್ ಮತ್ತು ಅಲರ್ಟುಗಳ ಬಗ್ಗೆ ಇವರನ್ನ ಕೇಳಿ. ಈ ಕೆಲಸದಲ್ಲಿ ನಾವಿಬ್ಬರೂ ಸಮವಾಗಿ ಪಾಲುದಾರರು." ಕಳಿಸೋಕೆ ಮುಂಚೆ ಅವನಿಗೆ ತೋರಿಸಿ.

ಪಾನಿಪುರಿ_ಕಾರ್ನರ್

ಇದನ್ನ ಒಪ್ತೀನಿ, ಕೊನೆ ವಾಕ್ಯ ಬಿಟ್ಟು. "ಸಮವಾಗಿ ಪಾಲುದಾರರು" ಅಂದ ತಕ್ಷಣ ಓದೋರಿಗೆ ಒಳಗೆ ಏನೋ ನಡೆದಿದೆ ಅಂತ ವಾಸನೆ ಬರುತ್ತೆ. ಸಮ ಅನ್ನೋದು ನಿಜ ಅಂತಲೂ ಯಾರೂ ಅಳೆದಿಲ್ಲ.

ಕಡಲೆಕಾಯಿ_ಪರಿಷೆ

ಸರಿಯಾಗಿ ಹಿಡಿದಿದ್ದೀರಿ, ಅದನ್ನ ತೆಗೆದುಬಿಡಿ. ಲಿಂಕು, ಎರಡು ಹೆಸರು, ಅಷ್ಟೇ ಇರಲಿ.

ಮೂರನೇ_ಮಹಡಿ

ತೆಗೆದು ಅವನಿಗೆ ಡ್ರಾಫ್ಟ್ ಕಳಿಸಿದ್ದೀನಿ. "ಅಲರ್ಟುಗಳು" ಅಂತಿದ್ದ ಕಡೆ "ಅಲರ್ಟು ಮತ್ತು ಪ್ರೊಡಕ್ಷನ್ ರೋಲ್‌ಔಟ್" ಅಂತ ಸೇರಿಸು ಅಂದ, ಸೇರಿಸಿದೆ. ನಾಳೆ ಬೆಳಿಗ್ಗೆ ಹೋಗುತ್ತೆ. ಮ್ಯಾನೇಜರ್ ಜೊತೆಗಿನ ಅರ್ಧ ಗಂಟೆ ಬುಕ್ ಆಗಿದೆ, ಅದನ್ನ ಕ್ಯಾನ್ಸಲ್ ಮಾಡಲ್ಲ.